ಡೀಪ್ ಫ್ರೈಡ್ ಮೀಮ್: ಆ ಕೆಂಪು ಎಲ್ಲಿಂದ ಬರತ್ತೆ

ಡೀಪ್ ಫ್ರೈಡ್ ಮೀಮ್ ನೀವೆಲ್ಲ ನೋಡಿರ್ತೀರ, ಮುಖ ಎಲ್ಲ ಕೆಂಪು-ಹಳದಿ, ಮೇಲೆ ರವೆ ಚೆಲ್ಲಿದ ಹಾಗೆ ನಾಯ್ಸ್, ಅಂಚಲ್ಲೆಲ್ಲ ಬಿಳಿ ಗೆರೆ, ಪಕ್ಕದಲ್ಲಿ ನಾಲ್ಕು ನಗೋ ಎಮೋಜಿ. 2015–17ರ ಹೊತ್ತಿಗೆ ಟಂಬ್ಲರ್, ರೆಡ್ಡಿಟ್ ಕಡೆ ಹಬ್ಬಿದ ಸ್ಟೈಲ್ ಇದು. ಫಾರ್ವರ್ಡ್ ಆಗಿ ಆಗಿ ಚಿತ್ರ ಸವೆದು ಹೋಗತ್ತಲ್ಲ, ಅದನ್ನ ಅಣಕಿಸೋದು ಅಂತ ಎಲ್ಲರೂ ಹೇಳ್ತಾರೆ. ನನ್ನ ಪ್ರಕಾರ ಅದು ಅರ್ಧ ಮಾತ್ರ ಸರಿ.

ಯಾಕಂದ್ರೆ ನಿಜವಾಗಿ ಸವೆದ ಚಿತ್ರ ಕೆಂಪಾಗಲ್ಲ. ಫೋಟೋನ ಕುಗ್ಗಿಸಿ ಸೇವ್ ಮಾಡೋ ಜೆಪೆಗ್ ವಿಧಾನ ಚಿತ್ರವನ್ನ 8×8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲೂ ಸಣ್ಣ ವಿವರವನ್ನ ಮೊದಲು ಬಿಸಾಕತ್ತೆ, ಬಣ್ಣದ ವಿವರವನ್ನಂತೂ ಇನ್ನೂ ಧಾರಾಳವಾಗಿ. ಪ್ರತಿ ಸಲ ಸ್ಕ್ರೀನ್‌ಶಾಟ್ ತೆಗೆದು ಕ್ರಾಪ್ ಮಾಡಿದ್ರೆ ಚೌಕದ ಗೆರೆಗಳು ಜರುಗ್ತವೆ, ಮತ್ತೆ ಹೊಸದಾಗಿ ನಷ್ಟ. ಹಾಗಾಗಿ ಫ್ಯಾಮಿಲಿ ಗ್ರೂಪಲ್ಲಿ ವರ್ಷಗಟ್ಟಲೆ ಸುತ್ತಿದ ಗುಡ್ ಮಾರ್ನಿಂಗ್ ಚಿತ್ರ ಮಬ್ಬಾಗಿ, ಚೌಕಚೌಕವಾಗಿ, ಬಣ್ಣ ಕಲೆಸಿದ ಹಾಗೆ ಕಾಣತ್ತೆ. ಕಂಪ್ರೆಶನ್ ಬಣ್ಣವನ್ನ ಕಿರುಚಿಸಲ್ಲ. ಕೆಂಪು ಕಂಡ್ರೆ ಯಾರೋ ಕೂತು ಸ್ಲೈಡರ್ ಎಳೆದಿದ್ದಾರೆ ಅಂತಲೇ ಅರ್ಥ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಮಾರ್ಚ್ ತಿಂಗಳು, ಕಾಫಿ ತೋಟದವರೆಲ್ಲ ಹೂವು ಅರಳಿಸೋ ಬ್ಲಾಸಮ್ ಮಳೆಗೆ ಕಾಯ್ತಾ ಇದ್ದಾರೆ, ಗ್ರೂಪಲ್ಲಿ ಎಲ್ಲರೂ ಇಂಚು-ಸೆಂಟ್ ಲೆಕ್ಕ ಹಾಕ್ತಾರೆ, ಹೂವು ಸರಿಯಾಗಿ ಅರಳೋಕೆ ಹೆಚ್ಚುಕಮ್ಮಿ ಒಂದು ಇಂಚಾದ್ರೂ ಬೇಕು ಅಂತಾರೆ. ನಮ್ಮಲ್ಲಿ ಬಿದ್ದಿದ್ದು 5 ಸೆಂಟ್, ಅಂದ್ರೆ ಇಂಚಿನ ನೂರರಲ್ಲಿ ಐದು ಭಾಗ, ಎಲೆ ಕೂಡ ಸರಿಯಾಗಿ ಒದ್ದೆಯಾಗಲ್ಲ. ಮಳೆಮಾಪಕದ ಪಕ್ಕ ಬಾಯಿ ಬಿಟ್ಟು ನಿಂತಿರೋ ಫ್ರೆಂಡ್ ಫೋಟೋ, ಅದರ ಮೇಲೆ "ಐದು ಸೆಂಟ್ ಬಂತು!!".

ಅವನ ಕೆನ್ನೆಯ ಅಕ್ಕಪಕ್ಕದ ಎರಡು ಜಾಗದಿಂದ ಒಂದೊಂದು ಪಿಕ್ಸೆಲ್ ತಗೊಳ್ಳಿ. ಕೆಂಪು, ಹಸಿರು, ನೀಲಿ ಲೆಕ್ಕದಲ್ಲಿ ಒಂದು 200, 120, 80. ಇನ್ನೊಂದು ಸ್ವಲ್ಪ ಬೆಳಕಿನ ಕಡೆಯದು, 230, 150, 100. ಈಗ ಕಾಂಟ್ರಾಸ್ಟ್ ಡಬಲ್ ಮಾಡಿ, ಅಂದ್ರೆ ಪ್ರತಿ ಸಂಖ್ಯೆ 128ರಿಂದ ಎಷ್ಟು ದೂರ ಇದೆಯೋ ಅದರ ಎರಡರಷ್ಟು ದೂರ ತಳ್ಳಿ. ಮೊದಲನೇದರ ಕೆಂಪು 272 ಆಗಬೇಕು, ಆದ್ರೆ 255 ದಾಟೋ ಹಾಗಿಲ್ಲ, ಹಾಗಾಗಿ 255, 112, 32. ಎರಡನೇದು 255, 172, 72. ಎರಡರ ಕೆಂಪೂ ಒಂದೇ ಆಗೋಯ್ತು, ಅಲ್ಲಿದ್ದ ನೆರಳಿನ ವ್ಯತ್ಯಾಸ ಶಾಶ್ವತವಾಗಿ ಹೋಯ್ತು, ಸ್ಲೈಡರ್ ವಾಪಸ್ ಎಳೆದ್ರೂ ಬರಲ್ಲ. ಇನ್ನೊಂದು ಸಲ ಮಾಡಿ: 255, 96, 0 ಮತ್ತು 255, 216, 16. ಒಂದು ಅಪ್ಪಟ ಕಿತ್ತಳೆ, ಇನ್ನೊಂದು ಹಳದಿ! ಒಂದೇ ಕೆನ್ನೆ ಕಣ್ರೀ. ಚರ್ಮ ಯಾವ ಬಣ್ಣದ್ದಾದ್ರೂ ಸಾಮಾನ್ಯವಾಗಿ ಕೆಂಪು ಜಾಸ್ತಿ, ನೀಲಿ ಕಮ್ಮಿ ಇರತ್ತೆ, ಅದಕ್ಕೇ ಬೆಳಕಲ್ಲಿರೋ ಮುಖಗಳೆಲ್ಲ ಕೊನೆಗೆ ಈ ಬೆಂಕಿ ಬಣ್ಣಕ್ಕೇ ಬಂದು ನಿಲ್ಲೋದು.

ಕಂಪ್ಯೂಟರಲ್ಲಿ ಇಮೇಜ್‌ಮ್ಯಾಜಿಕ್ ಅನ್ನೋ ಚಿತ್ರ ತಿದ್ದೋ ಪ್ರೋಗ್ರಾಂ ಇದ್ರೆ ಪೂರ್ತಿ ಕೆಲಸ ಒಂದೇ ಸಾಲು:

```
magick in.jpg -resize 400x -brightness-contrast 0x50 -modulate 100,250 -sharpen 0x3 +noise Gaussian -quality 6 out.jpg
```

ಕ್ರಮ ಮುಖ್ಯ. ಶಾರ್ಪನ್, ನಾಯ್ಸ್ ಮೊದಲು, ಕಡಿಮೆ ಕ್ವಾಲಿಟಿ ಜೆಪೆಗ್ ಕೊನೆಗೆ, ಆಗ ನಾಯ್ಸ್ ಕೂಡ ಚೌಕಗಳಿಗೆ ಸಿಕ್ಕಿ ಕೊಳಕಾಗತ್ತೆ. ಉಲ್ಟಾ ಮಾಡಿದ್ರೆ ಮೇಲೆ ಕ್ಲೀನಾಗಿ ಪುಡಿ ಉದುರಿಸಿದ ಹಾಗೆ, ಫಿಲ್ಟರ್ ಅಂತ ನೋಡಿದ ತಕ್ಷಣ ಗೊತ್ತಾಗತ್ತೆ. ಪಿಎನ್‌ಜಿಲಿ ಸೇವ್ ಮಾಡಿದ್ರೆ ಚೌಕಗಳೇ ಹುಟ್ಟಲ್ಲ.

ಕನ್ನಡದಲ್ಲಿ ಮಾಡೋವಾಗ ಇನ್ನೊಂದು ತಾಪತ್ರಯ ಇದೆ. ಇಂಗ್ಲಿಷ್ ದಪ್ಪ ಕ್ಯಾಪಿಟಲ್ಸ್ ಎಷ್ಟು ಹುರಿದ್ರೂ ಓದಬಹುದು, ನಮ್ಮ ಒತ್ತಕ್ಷರ, ಸೊನ್ನೆ ಎಲ್ಲ ಒಂದು ಚೌಕಕ್ಕಿಂತ ಚಿಕ್ಕದಾದ್ರೆ ಮುಗೀತು, ದ ಯಾವುದು ಧ ಯಾವುದು ಗೊತ್ತಾಗಲ್ಲ. ಅಕ್ಷರ ಇಷ್ಟು ದೊಡ್ಡದು ಹಾಕಿ: ಒತ್ತು ಒಂದೇ ಕನಿಷ್ಠ ಎರಡು ಚೌಕದಷ್ಟು, ಅಂದ್ರೆ ಚಿತ್ರ 400 ಪಿಕ್ಸೆಲ್ ಅಗಲಕ್ಕೆ ಇಳಿದ ಮೇಲೂ 16 ಪಿಕ್ಸೆಲ್ ಎತ್ತರ ಇರಲಿ. ಅರ್ಧ ಓದೋಕಾಗೋ ಹಾಗಿದ್ರೆ ಮಜಾ, ಏನೂ ಓದೋಕಾಗದಿದ್ರೆ ಜೋಕೇ ಇಲ್ಲ.

ಈಗ ಆ ಕುರೂಪ ಏನು ಹೇಳ್ತಿದೆ ಅನ್ನೋದು. ಅದೇ ಫೋಟೋ ಕ್ಲೀನಾಗಿ ಹಾಕಿದ್ರೆ ಅದು ಬರೀ ದೂರು, ಪಾಪ ಮಳೆ ಬರಲಿಲ್ಲ ಅಂತ ನಾಲ್ಕು ಜನ ಅಳೋ ಎಮೋಜಿ ಹಾಕ್ತಾರೆ. ಫ್ರೈ ಮಾಡಿದಾಗ 5 ಸೆಂಟಿನ ಸುದ್ದಿಗೆ ಪ್ರಳಯದ ಗಲಾಟೆ ಸೇರ್ಕೊಳ್ಳತ್ತೆ, ವಿಷಯ ಎಳ್ಳಷ್ಟು, ಅಬ್ಬರ ಬೆಟ್ಟದಷ್ಟು, ನಗು ಬರೋದು ಆ ಅಂತರದಿಂದ. ಜೊತೆಗೆ ಪ್ರತಿ ವರ್ಷ ಇದೇ ಗೋಳು, ಇದೇ ಜೋಕು, ಇದು ಆಗಲೇ ನೂರು ಕೈ ದಾಟಿ ಬಂದಿದೆ ಅಂತ ಸುಳ್ಳು ವಯಸ್ಸು ಹಾಕ್ತಾ ಇದೀವಿ. ಮಾಡಿದವನು ತನ್ನ ಜೋಕನ್ನ ತಾನೇ ಮೊದಲು ಗೇಲಿ ಮಾಡ್ಕೊಂಡಿರ್ತಾನೆ, ಇನ್ನು ಬೇರೆಯವರು ಗೇಲಿ ಮಾಡೋಕೆ ಏನೂ ಉಳಿಯಲ್ಲ.

ಅದಕ್ಕೇ ವಿಷಯ ನಿಜವಾಗಲೂ ದೊಡ್ಡದಾದ್ರೆ ಈ ತಂತ್ರ ಕೆಲಸ ಮಾಡಲ್ಲ. 2018ರ ಆಗಸ್ಟ್‌ನ ಕೊಡಗಿನ ಗುಡ್ಡ ಕುಸಿತದ ಫೋಟೋನ ಯಾರಾದ್ರೂ ಹೀಗೆ ಹುರಿದ್ರೆ ಅಲ್ಲಿ ಅಂತರವೇ ಇಲ್ಲ, ಬರೀ ಕ್ರೌರ್ಯ ಕಾಣತ್ತೆ.