ಹಾಸನ 'ಹಪನ್' ಆದದ್ದು ಹೇಗೆ?

1840ರ ಸುಮಾರಿನ ಒಂದು ಇಂಗ್ಲಿಷ್ ಕಾಗದದ ನಕಲು ಮೊದಲ ಸಲ ಕೈಗೆ ಬಂದಾಗ, ಅದರಲ್ಲಿದ್ದ ಒಂದು ಊರಿನ ಹೆಸರನ್ನು ನಾನು 'ಹಪನ್' ಎಂದು ಓದಿಕೊಂಡೆ. ಅಂಥ ಊರು ಯಾವ ನಕ್ಷೆಯಲ್ಲೂ ಸಿಗಲಿಲ್ಲ. ಎರಡು ದಿನ ಒದ್ದಾಡಿದ ಮೇಲೆ ಗೊತ್ತಾಯಿತು, ಅದು ನಮ್ಮ ಹಾಸನ. ಬರೆದ ಗುಮಾಸ್ತ ತಪ್ಪು ಮಾಡಿರಲಿಲ್ಲ. ಆ ಬರಹದ ಪದ್ಧತಿ ನನಗೆ ತಿಳಿದಿರಲಿಲ್ಲ, ಅಷ್ಟೇ.

ಆ ಬರಹವನ್ನು ಇಂದು ಕಾಪರ್‌ಪ್ಲೇಟ್ ಎನ್ನುತ್ತಾರೆ. ಹಾಗೆಂದು ಯಾರೂ ತಾಮ್ರದ ಮೇಲೆ ಪತ್ರ ಬರೆಯುತ್ತಿರಲಿಲ್ಲ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಬರವಣಿಗೆ ಕಲಿಸುವ ಮೇಷ್ಟ್ರುಗಳಿದ್ದರು. ಅವರ ಮಾದರಿ ಅಕ್ಷರಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಕಾಪಿ ಪುಸ್ತಕಗಳಾಗಿ ಅಚ್ಚು ಹಾಕುತ್ತಿದ್ದರು. ಜಾರ್ಜ್ ಬಿಕ್‌ಹ್ಯಾಮ್ 1733ರಿಂದ 1741ರವರೆಗೆ ಕಂತುಗಳಲ್ಲಿ ಹೊರತಂದ 'ಯೂನಿವರ್ಸಲ್ ಪೆನ್‌ಮನ್' ಇವುಗಳಲ್ಲಿ ಹೆಸರಾದದ್ದು. ಅದರಲ್ಲಿ 212 ತಗಡುಗಳ ಅಚ್ಚುಗಳಿವೆ. ಕಲಿಯುವವರು ಅದನ್ನು ನೋಡಿಕೊಂಡು ಬಾತುಕೋಳಿ ಜಾತಿಯ ಹಕ್ಕಿಯ ಗರಿಯ ಲೇಖನಿಯಲ್ಲಿ ತಿದ್ದುತ್ತಿದ್ದರು. ಆಗ ಈ ಬರಹಕ್ಕಿದ್ದ ಹೆಸರು ರೌಂಡ್ ಹ್ಯಾಂಡ್, ಅಂದರೆ ದುಂಡು ಬರಹ.

ಇದು ಅಲಂಕಾರಕ್ಕೆ ಹುಟ್ಟಿದ ಬರಹ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಅದನ್ನು ಹೆಚ್ಚಾಗಿ ಬೆಳೆಸಿದ್ದು ವ್ಯಾಪಾರ. ಲೇಖನಿ ಎತ್ತದೆ ಒಂದು ಪದವನ್ನು ಬರೆದು ಮುಗಿಸಿದರೆ ಕೆಲಸ ಬೇಗ ಆಗುತ್ತದೆ. ಎಲ್ಲರ ಅಕ್ಷರವೂ ಒಂದೇ ತರ ಇದ್ದರೆ ಲಂಡನ್ನಿನಲ್ಲಿ ಕೂತವರಿಗೂ ಮದ್ರಾಸಿನ ಲೆಕ್ಕ ಓದಲು ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಕೆಳಗಿನ ದರ್ಜೆಯ ನೌಕರನಿಗೆ 'ರೈಟರ್' ಎಂದೇ ಹೆಸರು. ನಮ್ಮ ಪೊಲೀಸ್ ಠಾಣೆಗಳಲ್ಲಿ ಬರೆಯುವ ಕೆಲಸದವರನ್ನು ಈಗಲೂ ಹಾಗೇ ಕರೆಯುತ್ತಾರೆ ಅಲ್ವಾ? ಒಂದೇ ಪತ್ರಕ್ಕೆ ಹಲವು ಪ್ರತಿಗಳಾಗುತ್ತಿದ್ದವು. ಒಂದು ಹಡಗು ಮುಳುಗಿದರೂ ಇನ್ನೊಂದರಲ್ಲಿ ಕಾಗದ ತಲುಪಲಿ ಎಂದು ಬೇರೆ ಬೇರೆ ಹಡಗಿನಲ್ಲಿ ಕಳಿಸುತ್ತಿದ್ದರು. ನಕಲು ಮಾಡುವವರಲ್ಲಿ ಇಲ್ಲಿನ ಗುಮಾಸ್ತರೂ ಬಹಳ ಇದ್ದರು.

ಈಗ ಹಾಸನಕ್ಕೆ ಬರೋಣ. ಇಂಗ್ಲಿಷ್‌ನಲ್ಲಿ ಅದಕ್ಕೆ ಎರಡು ಎಸ್. ಆ ಕಾಲದಲ್ಲಿ ಎಸ್‌ಗೆ ಉದ್ದನೆಯ ಇನ್ನೊಂದು ರೂಪ ಇತ್ತು. 1800ರ ಹೊತ್ತಿಗೆ ಅಚ್ಚಿನಿಂದ ಅದು ಮರೆಯಾಗುತ್ತಾ ಬಂತು. ಆದರೆ ಕೈಬರಹದಲ್ಲಿ, ಮುಖ್ಯವಾಗಿ ಎಸ್ ಜೋಡಿಯಾಗಿ ಬಂದ ಕಡೆ, ಮೊದಲನೆಯದನ್ನು ಉದ್ದಕ್ಕೆ ಬರೆಯುವ ರೂಢಿ ಇನ್ನೂ ಹಲವು ದಶಕ ಉಳಿಯಿತು. ಉದ್ದನೆಯ ಎಸ್ ಸಾಲಿನ ಮೇಲಕ್ಕೂ ಕೆಳಕ್ಕೂ ಚಾಚುತ್ತದೆ. ಅದಕ್ಕೆ ಗಿಡ್ಡ ಎಸ್ ಅಂಟಿದರೆ ಎರಡೂ ಸೇರಿ 'ಪಿ' ತರ ಕಾಣುತ್ತದೆ. ಕೆಲವೊಮ್ಮೆ 'ಎಫ್‌ಎಸ್' ತರ. ಬಿಡಿಸುವ ದಾರಿ ಇದು: ಎಫ್‌ಗೆ ನಡುವೆ ಚಿಕ್ಕ ಅಡ್ಡಗೆರೆಯೋ ಗಂಟೋ ಇರುತ್ತದೆ, ಉದ್ದ ಎಸ್‌ಗೆ ಸಾಮಾನ್ಯವಾಗಿ ಇರುವುದಿಲ್ಲ. ಅನುಮಾನ ಉಳಿದರೆ ಅದೇ ಪತ್ರದಲ್ಲಿ 'ನೆಸೆಸರಿ', 'ಪೊಸೆಷನ್' ತರದ ಪದ ಹುಡುಕಿ. ಅಲ್ಲಿ ಜೋಡಿ ಎಸ್ ಹೇಗಿದೆ ನೋಡಿ, ಊರಿನ ಹೆಸರಿನ ಪಕ್ಕ ಇಟ್ಟು ಹೋಲಿಸಿ. ನನಗೆ ಹಾಸನ ಸಿಕ್ಕಿದ್ದು ಹೀಗೆಯೇ.

ಇದಕ್ಕಿಂತ ಕಷ್ಟದ್ದು ಎನ್ ಮತ್ತು ಯು. ಗರಿಯ ತುದಿ ಸೀಳಿರುತ್ತದೆ. ಕೆಳಗೆ ಎಳೆಯುವಾಗ ಒತ್ತಿದರೆ ಸೀಳು ಅಗಲವಾಗಿ ಗೆರೆ ದಪ್ಪವಾಗುತ್ತದೆ. ಮೇಲೆ ಹೋಗುವಾಗ ಒತ್ತುವುದಿಲ್ಲ, ಕೂದಲಿನಷ್ಟು ಸಣ್ಣ ಗೆರೆ ಬರುತ್ತದೆ. ಎನ್ ಮತ್ತು ಯು ಎರಡರಲ್ಲೂ ದಪ್ಪ ಗೆರೆ ಎರಡೆರಡೇ. ಸಣ್ಣ ಗೆರೆ ಮೇಲೆ ಕೂಡಿದರೆ ಎನ್, ಕೆಳಗೆ ಕೂಡಿದರೆ ಯು. ಕಾಲ ಕಳೆದಂತೆ ಮೊದಲು ಮಾಸುವುದು ಆ ಸಣ್ಣ ಗೆರೆಯೇ. ಮೈಕ್ರೋಫಿಲ್ಮ್‌ನಲ್ಲಂತೂ ಎಷ್ಟೋ ಸಲ ಅದು ಕಾಣುವುದೇ ಇಲ್ಲ. ಇನ್ನೊಂದು ಕಡೆ, ಮಾಚಿಕಾಯಿ ಮತ್ತು ಕಬ್ಬಿಣದ ಉಪ್ಪಿನಿಂದ ಮಾಡಿದ ಮಸಿ ಆಮ್ಲೀಯವಾಗಿದ್ದು, ದಪ್ಪ ಗೆರೆ ಇದ್ದ ಕಡೆ ಕಾಗದವನ್ನೇ ತಿಂದುಹಾಕುತ್ತದೆ. ಕೊನೆಗೆ ಕಣ್ಣಿಗೆ ಬೀಳುವುದು ಸಾಲಾಗಿ ನಿಂತ ಕಡ್ಡಿಗಳು. 'ಹುಣಸೂರು' ಎಂಬಲ್ಲಿ ಎಚ್ ಆದ ಮೇಲೆ ಬರೀ ನಾಲ್ಕು ಕಡ್ಡಿ! ಅದು ಯು, ಎನ್ ಇರಬಹುದು. ಎನ್, ಯು ಕೂಡ ಇರಬಹುದು.

ದೊಡ್ಡಕ್ಷರಗಳ ಸುರುಳಿಗಳೂ ಮೋಸ ಮಾಡುತ್ತವೆ. ಟಿ ಮತ್ತು ಎಫ್ ಹೆಚ್ಚು ಕಡಿಮೆ ಒಂದೇ. ನಡುವಿನ ಅಡ್ಡಗೆರೆ ಒಂದೇ ವ್ಯತ್ಯಾಸ. ಹಾಗಾಗಿ ತುಮಕೂರು 'ಫೂಮ್ಕೂರ್' ಆಗಬಹುದು. ಐ ಮತ್ತು ಜೆಗೆ ಅಷ್ಟೂ ವ್ಯತ್ಯಾಸ ಇರುವುದಿಲ್ಲ.

ಇಂಗ್ಲಿಷ್ ಪದವಾದರೆ ವಾಕ್ಯದ ಅರ್ಥ ನೋಡಿ ಊಹಿಸಬಹುದು. ಊರಿನ, ಮನುಷ್ಯರ ಹೆಸರಿಗೆ ಆ ಆಸರೆ ಇಲ್ಲ. ಲಂಡನ್ನಿನ ನಕಲುಗಾರನಿಗೆ ಹುಣಸೂರು ಅಂದರೆ ಏನು ಗೊತ್ತು? ಅವನು ಕಡ್ಡಿ ಎಣಿಸಿ, ತನಗೆ ಕಂಡದ್ದನ್ನು ಚಂದವಾಗಿ, ದುಂಡಗೆ ಬರೆದ. ಅಲ್ಲಿಗೆ ಅನುಮಾನದ ಗುರುತೂ ಅಳಿಸಿಹೋಯಿತು. ಅದಕ್ಕೇ ಅಂದವಾದ ನಕಲನ್ನು ಕಂಡರೆ ನನಗೆ ಜಾಸ್ತಿ ಅನುಮಾನ. ಮೂಲ ಕಾಗದ ಇದ್ದರೆ, ಎಷ್ಟೇ ಕೊಳಕಾಗಿರಲಿ, ಮೊದಲು ಅದನ್ನೇ ತೆಗೆಸಿ ನೋಡುತ್ತೇನೆ. ಪಕ್ಕದಲ್ಲಿ ಆ ಸೀಮೆಯ ಊರುಗಳ ಪಟ್ಟಿ ಇಟ್ಟುಕೊಂಡು ಕಡ್ಡಿ ಎಣಿಸುತ್ತಾ ಹೋಗುತ್ತೇನೆ.