‘10,000 ಆರ್‌ಪಿಎಂ’ ಎಂದು ಬರೆದರೆ ಸಾಲದು

ಎಲೆಯಿಂದ ಪ್ರೋಟೀನ್ ತೆಗೆದ ಪ್ರಯೋಗವೊಂದರ ‘ವಿಧಾನ’ ಭಾಗ ಹೀಗಿದೆ ಎಂದುಕೊಳ್ಳಿ: ‘ಎಲೆಯ ಪುಡಿಯನ್ನು ಪಿಎಚ್ 8.0ರ ಟ್ರಿಸ್ ಬಫರ್‌ನಲ್ಲಿ ಚೆನ್ನಾಗಿ ಕಲಕಿ, 10,000 ಆರ್‌ಪಿಎಂನಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯನ್ನು ಬಳಸಲಾಯಿತು.’ ಓದಲು ಸರಾಗವಾಗಿದೆ. ಆದರೆ ಬೇರೊಂದು ಲ್ಯಾಬಿನವರು ಇದನ್ನಷ್ಟೇ ನಂಬಿ ಕೆಲಸಕ್ಕೆ ಕೂತರೆ ಪ್ರತಿ ಹೆಜ್ಜೆಯಲ್ಲೂ ಊಹಿಸಬೇಕಾಗುತ್ತದೆ.

ಮೊದಲು ವೇಗವನ್ನು ನೋಡೋಣ. ಆರ್‌ಪಿಎಂ ಹೇಳುವುದು ರೋಟರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು ಎಂಬುದನ್ನು ಮಾತ್ರ. ಕಸವನ್ನು ತಳಕ್ಕೆ ಒತ್ತುವ ಬಲ ರೋಟರಿನ ತ್ರಿಜ್ಯವನ್ನೂ ಅವಲಂಬಿಸಿದೆ. ಲೆಕ್ಕ ಸುಲಭ:

```
RCF = 1.118 × 10⁻⁵ × r × (rpm)²
```

ಇಲ್ಲಿ RCF ಎಂದರೆ ಆ ಬಲ ಭೂಮಿಯ ಗುರುತ್ವವಾದ g ಯ ಎಷ್ಟು ಪಟ್ಟು ಎಂಬುದು, r ಎಂದರೆ ಸೆಂಟಿಮೀಟರಿನಲ್ಲಿ ತ್ರಿಜ್ಯ. 8.4 ಸೆಂ.ಮೀ. ತ್ರಿಜ್ಯದ ಚಿಕ್ಕ ಯಂತ್ರದಲ್ಲಿ 10,000 ಆರ್‌ಪಿಎಂ ಸುಮಾರು 9,400 × g ಆಗುತ್ತದೆ, 15 ಸೆಂ.ಮೀ.ಯ ರೋಟರಿನಲ್ಲಿ ಸುಮಾರು 16,800 × g. ಬಲ ಕಡಿಮೆಯಾದರೆ ಪೊರೆಯ ಚೂರುಗಳು ಪೂರ್ತಿ ಇಳಿಯದೆ ಮೇಲಿನ ತಿಳಿಯು ಹಸಿರಾಗಿ, ಮಬ್ಬಾಗಿ ಉಳಿಯುತ್ತದೆ. ಅದನ್ನು ಕಂಡವರು ತಮ್ಮ ಎಲೆಯನ್ನೋ ಬಫರನ್ನೋ ಅನುಮಾನಿಸುತ್ತಾರೆಯೇ ಹೊರತು ರೋಟರನ್ನಲ್ಲ.

ಬಫರಿನ ತೊಡಕು ಕಣ್ಣಿಗೆ ಕಾಣುವುದೇ ಇಲ್ಲ. ಟ್ರಿಸ್ ತಣ್ಣಗಾದಂತೆ ಅದರ ಪಿಎಚ್ ಏರುತ್ತದೆ, ಒಂದು ಡಿಗ್ರಿಗೆ ಸುಮಾರು 0.03ರಷ್ಟು. 25 ಡಿಗ್ರಿಯಲ್ಲಿ 8.0ಕ್ಕೆ ಹೊಂದಿಸಿದ ಬಫರ್ 4 ಡಿಗ್ರಿಯ ಕೋಲ್ಡ್ ರೂಮಿಗೆ ಹೋದರೆ 8.6ರ ಹತ್ತಿರ ಬರುತ್ತದೆ. ಹಾಗಾಗಿ ಪಿಎಚ್ ಜೊತೆಗೆ ಅದನ್ನು ಯಾವ ಉಷ್ಣತೆಯಲ್ಲಿ ಹೊಂದಿಸಿದ್ದು, ಯಾವ ಉಷ್ಣತೆಯಲ್ಲಿ ಬಳಸಿದ್ದು ಎಂಬ ಎರಡನ್ನೂ ಬರೆಯಲೇಬೇಕು.

ಇನ್ನು ‘ಚೆನ್ನಾಗಿ ಕಲಕಿ’. ಇದು ಸಣ್ಣ ವಿಷಯವೆಂದು ಬಿಡುವ ಹಾಗಿಲ್ಲ. ಬರ್ಕ್ಲಿ ಮತ್ತು ಬಾಸ್ಟನ್‌ನ ಎರಡು ತಂಡಗಳು ಸ್ತನದ ಅಂಗಾಂಶದ ಜೀವಕೋಶಗಳನ್ನು ಬೇರ್ಪಡಿಸುತ್ತಿದ್ದಾಗ ಫಲಿತಾಂಶಗಳು ಹೊಂದಲೇ ಇಲ್ಲ. ಕೊನೆಗೆ ಎರಡೂ ಕಡೆಯವರು ಅಕ್ಕಪಕ್ಕ ನಿಂತು ಕೆಲಸ ಮಾಡಿದಾಗ ಕಾರಣ ಸಿಕ್ಕಿತು: ಒಂದು ಲ್ಯಾಬ್ ಅಂಗಾಂಶವನ್ನು ಜೋರಾಗಿ ಕಲಕುತ್ತಿತ್ತು, ಇನ್ನೊಂದು ನಿಧಾನವಾಗಿ, ಹೆಚ್ಚು ಹೊತ್ತು ಅಲುಗಿಸುತ್ತಿತ್ತು. 2014ರಲ್ಲಿ ಅವರು ಇದನ್ನೇ ಪ್ರಬಂಧವಾಗಿ ಪ್ರಕಟಿಸಿದರು.

ತಿದ್ದಿದ ವಾಕ್ಯ ಹೀಗಾಗಬಹುದು: ‘0.5 ಗ್ರಾಂ ಪುಡಿಗೆ 2 ಮಿ.ಲೀ. ತಣ್ಣನೆಯ ಬಫರ್ (50 ಮಿಲಿಮೋಲಾರ್ ಟ್ರಿಸ್, 25 ಡಿಗ್ರಿಯಲ್ಲಿ ಪಿಎಚ್ 8.0ಕ್ಕೆ ಹೈಡ್ರೊಕ್ಲೋರಿಕ್ ಆಮ್ಲದಿಂದ ಹೊಂದಿಸಿದ್ದು) ಹಾಕಿ, ವೋರ್ಟೆಕ್ಸ್‌ನ ಗರಿಷ್ಠ ವೇಗದಲ್ಲಿ 30 ಸೆಕೆಂಡ್ ಕಲಕಿ, ಮಂಜುಗಡ್ಡೆಯ ಮೇಲೆ 10 ನಿಮಿಷ ಇಟ್ಟು, 4 ಡಿಗ್ರಿಯಲ್ಲಿ 9,400 × g ಬಲದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಲಾಯಿತು.’

ಈ ಅಂಕಿಗಳು ಬರಬೇಕಾದದ್ದು ಅಂದಿನ ಲ್ಯಾಬ್ ನೋಟ್‌ಬುಕ್ಕಿನಿಂದ, ಗೋಡೆಗೆ ಅಂಟಿಸಿದ ಪ್ರೋಟೊಕಾಲ್‌ನಿಂದಲ್ಲ. ಪ್ರೋಟೊಕಾಲ್ 10 ನಿಮಿಷ ಎಂದರೂ ಅಂದು 15 ನಿಮಿಷ ಇಟ್ಟಿದ್ದರೆ 15 ಎಂದೇ ಬರೆಯಬೇಕು. ತ್ರಿಜ್ಯ ಗೊತ್ತಿಲ್ಲದಿದ್ದರೆ ಬಲವನ್ನು ಅಂದಾಜಿಸದೆ, ಆರ್‌ಪಿಎಂ ಜೊತೆಗೆ ಯಂತ್ರದ ಮತ್ತು ರೋಟರಿನ ಮಾದರಿ ಸಂಖ್ಯೆ ಕೊಡಿ. ಓದುವವರು ತಯಾರಕರ ಪಟ್ಟಿ ನೋಡಿ ಲೆಕ್ಕ ಹಾಕಿಕೊಳ್ಳುತ್ತಾರೆ.