ವ್ಯಾಪಾರ 40 ಲಕ್ಷ ಮುಟ್ಟೋ ಹಂಗಿದೆ, ಜಿಎಸ್‌ಟಿ ಮಾಡಿಸ್ಬೇಕಾ? ರೇಟು ಎಷ್ಟು ಏರಿಸ್ಬೇಕು?

ಪ್ರಶ್ನೆ: ಸಾರ್, ತುಮಕೂರು ಕಡೆ ನಮ್ದೊಂದು ಚಿಕ್ಕ ಎಲೆಕ್ಟ್ರಿಕಲ್ ಅಂಗಡಿ ಇದೆ. ವೈರು, ಸ್ವಿಚ್ಚು, ಬಲ್ಬು ಮಾರ್ತೀವಿ, ಯಾರಾದ್ರೂ ಕೇಳಿದ್ರೆ ಹುಡುಗನ್ನ ಕಳ್ಸಿ ಫಿಟಿಂಗೂ ಮಾಡ್ಸಿ ಬಿಲ್ಲಿಗೆ ಸೇರಿಸ್ತೀವಿ. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ 31 ಲಕ್ಷ ಆಗಿದೆ. 40 ದಾಟೋವರೆಗೂ ಸುಮ್ನಿರ್ಬಹುದಲ್ವಾ? ಆಮೇಲೆ ಎಲ್ಲಾದಕ್ಕೂ 18% ಏರಿಸಿದ್ರೆ ಗಿರಾಕಿ ಉಳೀತಾರಾ?

ಉತ್ತರ: ನಿಮ್ಮ ಪ್ರಶ್ನೇಲಿ ಫಿಟಿಂಗ್ ಅನ್ನೋ ಮಾತನ್ನ ಸುಮ್ನೆ ಹಂಗೆ ಹೇಳ್ಬಿಟ್ಟಿದೀರ, ಆದ್ರೆ ಇಡೀ ವಿಷ್ಯ ನಿಂತಿರೋದೇ ಅದ್ರ ಮೇಲೆ. ಕರ್ನಾಟಕದಲ್ಲಿ 40 ಲಕ್ಷದ ಮಿತಿ ಇರೋದು ಬರೀ ಸರಕು ಮಾರೋರಿಗೆ. ಅಂಗಡಿ ಹೆಸ್ರಲ್ಲೇ ಫಿಟಿಂಗ್ ಚಾರ್ಜ್ ತಗೊಂಡ್ರೆ ಅದು ಸರ್ವಿಸ್ ಆಗುತ್ತೆ, ಆಗ ಮಿತಿ 20 ಲಕ್ಷಕ್ಕೆ ಇಳಿಯುತ್ತೆ, ಅದೂ ಫಿಟಿಂಗ್ ದುಡ್ಡಿಗೆ ಮಾತ್ರ ಅಲ್ಲ, ಒಟ್ಟು ವ್ಯಾಪಾರಕ್ಕೆ. ತಿಂಗ್ಳಿಗೆ ಸುಮಾರು 3.4 ಲಕ್ಷದ ಲೆಕ್ಕ ಹಿಡಿದ್ರೆ ನೀವು ಸೆಪ್ಟೆಂಬರ್ ಕೊನೇಲೇ ಅದನ್ನ ದಾಟಿದೀರ. ಹುಡುಗ ತನ್ನ ಕೂಲೀನ ಗಿರಾಕಿ ಹತ್ರ ತಾನೇ ನೇರವಾಗಿ ಇಸ್ಕೊಂಡಿದ್ರೆ ಅದು ಅವನ ಆದಾಯ, ನಿಮಗೆ 40ರ ಮಿತಿನೇ ಇರ್ತಿತ್ತು, ಮಾರ್ಚ್ ಮಧ್ಯದವರೆಗೂ ಟೈಮ್ ಸಿಕ್ತಿತ್ತು. ಈಗ ಹಳೇ ಬಿಲ್ಲು ತಿದ್ದೋಕೆ ಮಾತ್ರ ಹೋಗ್ಬೇಡಿ.

ಇನ್ನೊಂದು, ಲೆಕ್ಕಕ್ಕೆ ಬರೋದು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಂದೇ ಪ್ಯಾನ್ ಮೇಲೆ ಆಗೋ ಪೂರ್ತಿ ಮಾರಾಟ, ಲಾಭ ಅಲ್ಲ. ಕ್ಯಾಶೂ ಸೇರುತ್ತೆ, ಯುಪಿಐನೂ ಸೇರುತ್ತೆ, ತೆರಿಗೆ ಇಲ್ದಿರೋ ಮಾಲೂ ಸೇರುತ್ತೆ. 2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಬೇಕರಿ, ಕಾಂಡಿಮೆಂಟ್ಸ್‌ನೋರಿಗೆಲ್ಲ ಯುಪಿಐ ಲೆಕ್ಕ ನೋಡಿ ನೋಟಿಸ್ ಬಂದಾಗ ಎಷ್ಟೋ ಜನ ಕ್ಯೂಆರ್ ಕೋಡ್ ಕಿತ್ತಾಕಿದ್ರು, ಆದ್ರೆ ಕ್ಯಾಶಲ್ಲಿ ಮಾರಿದ್ರೂ ಮಾರಾಟ ಮಾರಾಟಾನೇ. ಹಂಗಂತ ನಿಮ್ಮ ತಮ್ಮ ಯುಪಿಐಲಿ ಕಳಿಸಿದ ಕೈಸಾಲ ವ್ಯಾಪಾರ ಆಗಲ್ಲ, ಅದನ್ನ ಬೇರೆ ಬರೆದಿಡಿ.

ಮಿತಿ ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕ್ಬೇಕು. ಯಾಕೆ ಈ 30 ದಿನ ಅಷ್ಟು ಮುಖ್ಯ ಅನ್ನೋದು ರೇಟಿನ ಲೆಕ್ಕ ನೋಡಿದ್ರೆ ಗೊತ್ತಾಗುತ್ತೆ. ಒಂದು ಸ್ವಿಚ್ ಬೋರ್ಡ್ ತಗೊಳ್ಳಿ, ಹೋಲ್‌ಸೇಲಲ್ಲಿ 100 ರೂಪಾಯಿ, ಮೇಲೆ 18 ಜಿಎಸ್‌ಟಿ, ನಿಮ್ಮ ಕೈಗೆ 118ಕ್ಕೆ ಬೀಳುತ್ತೆ, 140ಕ್ಕೆ ಮಾರ್ತೀರ, 22 ಉಳೀತು. ರಿಜಿಸ್ಟರ್ ಆದ್ಮೇಲೂ ಅದೇ 140ಕ್ಕೇ ಮಾರಿದ್ರೆ ಅದರೊಳಗಿರೋ ತೆರಿಗೆ 21.36, ಆದ್ರೆ ನೀವು ಖರೀದಿಲಿ ಕೊಟ್ಟ 18 ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತೆ, ಸರ್ಕಾರಕ್ಕೆ ಕೈಯಿಂದ ಕಟ್ಟೋದು 3.36 ಅಷ್ಟೇ. ಮೊದಲಿನ 22 ಹಂಗೇ ಉಳೀಬೇಕಂದ್ರೆ 144 ಮಾಡಿದ್ರೆ ಸಾಕು. 140ರ ಮೇಲೆ 18% ಹಾಕಿ 165 ಮಾಡೋರು ಇದಾರೆ, ಅವ್ರು ತೆರಿಗೆ ಮೇಲೆ ತೆರಿಗೆ ಹಾಕಿ ಗಿರಾಕೀನ ಪಕ್ಕದಂಗಡಿಗೆ ಕಳಿಸ್ತಿದಾರೆ. ಪ್ಯಾಕಿನ ಮೇಲಿನ ಎಂಆರ್‌ಪಿ ದಾಟೋ ಹಂಗೂ ಇಲ್ಲ, ಅದರಲ್ಲಿ ತೆರಿಗೆ ಸೇರಿರುತ್ತೆ.

ಆದ್ರೆ ಕ್ರೆಡಿಟ್ ಇಲ್ದಿದ್ರೆ ಇದೇ ಬೋರ್ಡಲ್ಲಿ ಉಳಿಯೋದು 64 ಪೈಸೆ! ಅಂಗಡೀಲಿರೋ ಹಳೇ ಸ್ಟಾಕಿಗೆ ಕ್ರೆಡಿಟ್ ಬೇಕಂದ್ರೆ ಆ 30 ದಿನದೊಳಗೆ ಅರ್ಜಿ ಹಾಕಿರ್ಬೇಕು, ಜಿಎಸ್‌ಟಿ ನಂಬರ್ ಇರೋ ಪಕ್ಕಾ ಬಿಲ್ ಒಂದು ವರ್ಷದೊಳಗಿನದ್ದಾಗಿರ್ಬೇಕು, ಆಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ITC-01 ಅನ್ನೋ ಫಾರ್ಮ್ ಹಾಕ್ಬೇಕು. ಚೀಟಿ ಮೇಲೆ ತಂದ ಮಾಲಿಗೆ ಏನೂ ಸಿಗಲ್ಲ. ನಿಮ್ಮ ಕೇಸಲ್ಲಿ 30 ದಿನ ಆಗ್ಲೇ ಕಳೆದಿದೆ, ಅದಕ್ಕೇ ಇನ್ನೂ ಕಾಯದೆ ಇವತ್ತೇ ಅರ್ಜಿ ಹಾಕಿ, ದಾಟಿದ ದಿನದಿಂದ ಇಲ್ಲಿವರೆಗಿನ ಮಾರಾಟದ ತೆರಿಗೆ ಎಷ್ಟಾಗುತ್ತೆ ಅಂತ ಆಡಿಟರ್ ಹತ್ರ ಲೆಕ್ಕ ಹಾಕ್ಸಿ, ನೋಟಿಸ್ ಬರೋ ಮುಂಚೆನೇ.

ಮಾರಾಟದ ಮೇಲೆ ಸಣ್ಣ ಪರ್ಸೆಂಟ್ ಮಾತ್ರ ಕಟ್ಟೋ ಕಾಂಪೊಸಿಷನ್ ಸ್ಕೀಮ್ ತಗೊಂಡ್ರೆ ಹೇಗೆ ಅಂತ ಮುಂದಿನ ಪ್ರಶ್ನೆ ಬರುತ್ತೆ, ಗೊತ್ತು. 1.5 ಕೋಟಿವರೆಗೆ ವ್ಯಾಪಾರ ಇರೋರು 1% ಕಟ್ಟಿದ್ರೆ ಆಯ್ತು, 140ಕ್ಕೆ 1.40. ಆದ್ರೆ ಗಿರಾಕಿ ಹತ್ರ ತೆರಿಗೆ ಅಂತ ಇಸ್ಕೊಳ್ಳೋ ಹಾಗಿಲ್ಲ, ಕ್ರೆಡಿಟ್ಟೂ ಇಲ್ಲ, 118 ಪೂರ್ತಿ ನಿಮ್ಮ ಖರ್ಚೇ, ಉಳಿಯೋದು 20.60. ಮನೆಗೆ ಒಂದೆರಡು ಬಲ್ಬು ಒಯ್ಯೋರೇ ನಿಮ್ಮ ಗಿರಾಕಿಗಳಾದ್ರೆ ಇದೇ ಹಗುರ. ನೂರಕ್ಕೆ ಆರು ರೂಪಾಯಿನೂ ಉಳಿಯದ ಮಾಲು ಜಾಸ್ತಿ ಇದ್ರೆ ಮಾಮೂಲಿ ರೆಗ್ಯುಲರ್ ರಿಜಿಸ್ಟ್ರೇಷನ್ನೇ ವಾಸಿ. ಮನೆ ಕಟ್ಸೋ ಕಂಟ್ರಾಕ್ಟರ್‌ಗಳು ವೈರ್ ಬಂಡಲ್ ಒಯ್ತಾ ಇದ್ರೂ ಅಷ್ಟೇ, ಅವ್ರಲ್ಲಿ ಜಿಎಸ್‌ಟಿ ನಂಬರ್ ಇರೋರು ನಿಮ್ಮ ಬಿಲ್ಲಲ್ಲಿ ತೆರಿಗೆ ಕಾಣದಿದ್ರೆ ಮುಂದಿನ ಸಲ ಬರಲ್ಲ.